ಟೊಮ್ಯಾಟೊ ಗ್ರೇವಿ ನುಣ್ಣಗೆ ಬರಬೇಕಾ? ಮೊದಲು ಬೇಯಿಸಿ, ಆಮೇಲೆ ರುಬ್ಬಿ

ಮನೆಯಲ್ಲಿ ಪನ್ನೀರ್ ಮಸಾಲೆಯೋ ಕಾಜು ಕರಿಯೋ ಮಾಡಿದಾಗ ಬರುವ ದೂರುಗಳು ಮೂರೇ. ತಿನ್ನುವಾಗ ನಾಲಿಗೆಗೆ ಸಿಪ್ಪೆಯ ಸುರುಳಿ ಸಿಗುತ್ತದೆ. ತಟ್ಟೆಗೆ ಹಾಕಿದ ಐದು ನಿಮಿಷಕ್ಕೆ ಗ್ರೇವಿ ಒಂದು ಕಡೆ, ನೀರು ಒಂದು ಕಡೆ ಆಗುತ್ತದೆ. ಇನ್ನೊಂದು, ಹುಳಿ ಜಾಸ್ತಿಯಾಯ್ತು ಅನ್ನೋದು. ಮೂರಕ್ಕೂ ಬೇರೆ ಬೇರೆ ಉಪಾಯ ಹುಡುಕುವವರೇ ಹೆಚ್ಚು, ಆದರೆ ಮೊದಲ ಎರಡಕ್ಕೆ ಕಾರಣ ಒಂದೇ ಕಡೆ ಇದೆ: ಹಸಿ ಟೊಮ್ಯಾಟೊವನ್ನು ಸಿಪ್ಪೆ ಸಮೇತ ಹೆಚ್ಚಿ, ಮಿಕ್ಸಿಗೆ ಹಾಕಿ, ಸೀದಾ ಬಾಣಲೆಗೆ ಸುರಿಯುವುದು.

ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. ಟೊಮ್ಯಾಟೊದ ತಿರುಳು ಗಟ್ಟಿಯಾಗಿ ನಿಂತಿರುವುದು ಅದರೊಳಗಿನ ಪೆಕ್ಟಿನ್‌ನಿಂದ. ಹಣ್ಣನ್ನು ಹಸಿಯಾಗಿ ರುಬ್ಬಿದ ಕೂಡಲೇ ಹಣ್ಣಿನಲ್ಲೇ ಇರುವ ಕಿಣ್ವಗಳು ಆ ಪೆಕ್ಟಿನ್ ಅನ್ನು ಒಡೆಯಲು ಶುರು ಮಾಡುತ್ತವೆ. ರುಬ್ಬಿದ ಹಸಿ ಟೊಮ್ಯಾಟೊವನ್ನು ಒಂದು ಗಾಜಿನ ಲೋಟದಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ, ತಿಳಿ ನೀರು ಬೇರೆ, ತಿರುಳು ಬೇರೆ ಆಗಿರುತ್ತದೆ. ಬಿಸಿ ತಾಗಿದರೆ ಈ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ಸಾಸ್ ಕಾರ್ಖಾನೆಗಳಲ್ಲಿ ಟೊಮ್ಯಾಟೊ ಜಜ್ಜಿದ ತಕ್ಷಣ 90 ಡಿಗ್ರಿ ಆಸುಪಾಸಿಗೆ ಬಿಸಿ ಮಾಡುವುದು ಇದಕ್ಕೇ. ಅದಕ್ಕೆ ಹಾಟ್ ಬ್ರೇಕ್ ಅಂತಾರೆ. ಮನೆಯಲ್ಲಿ ನಾವು ಮಾಡಬೇಕಾದ್ದೂ ಅದೇ, ಇಡೀ ಹಣ್ಣಿಗೆ ಮೊದಲು ಬಿಸಿ ತಾಗಿಸಿ, ಬೇಯಿಸಿ, ಆಮೇಲೆ ರುಬ್ಬುವುದು. ಆ ಬಿಸಿಯಲ್ಲೇ ಸಿಪ್ಪೆಯೂ ಬಿಟ್ಟುಕೊಳ್ಳುತ್ತದೆ.

ಯಾವ ಟೊಮ್ಯಾಟೊ

ನಮ್ಮ ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಥರ. ನಾಟಿ ಟೊಮ್ಯಾಟೊ ದುಂಡಗೆ, ಸ್ವಲ್ಪ ಚಪ್ಪಟೆ, ಸಿಪ್ಪೆ ತೆಳು, ಒಳಗೆ ರಸ ಮತ್ತು ಬೀಜ ಜಾಸ್ತಿ, ಹುಳಿಯೂ ಜಾಸ್ತಿ. ಸಾರಿಗೆ, ಗೊಜ್ಜಿಗೆ ಇದರ ಮುಂದೆ ಬೇರೆ ಇಲ್ಲ. ಹೈಬ್ರಿಡ್ ಟೊಮ್ಯಾಟೊ ಸ್ವಲ್ಪ ಉದ್ದ, ಸಿಪ್ಪೆ ದಪ್ಪ, ತಿರುಳು ಜಾಸ್ತಿ, ಹುಳಿ ಕಡಿಮೆ. ಕೋಲಾರದ ಕಡೆಯಿಂದ ಲಾರಿಗಟ್ಟಲೆ ದೂರದೂರಿಗೆ ಹೋಗುವ ಹಣ್ಣು ಹೆಚ್ಚಾಗಿ ಇಂಥದ್ದೇ, ಏಕೆಂದರೆ ದಪ್ಪ ಸಿಪ್ಪೆಯ ಹಣ್ಣು ದಾರಿಯಲ್ಲಿ ಒಡೆಯುವುದಿಲ್ಲ. ಲಾರಿಯಲ್ಲಿ ಹಣ್ಣನ್ನು ಕಾಪಾಡುವ ಅದೇ ಸಿಪ್ಪೆ ಗ್ರೇವಿಯಲ್ಲಿ ಬಾಯಿಗೆ ಸಿಗುತ್ತದೆ.

ಗ್ರೇವಿಗೆ ನಾನು ಹೇಳುವುದು ಮುಕ್ಕಾಲು ಪಾಲು ಹೈಬ್ರಿಡ್, ಕಾಲು ಪಾಲು ನಾಟಿ. ಬರೀ ನಾಟಿ ಹಾಕಿದರೆ ನೀರು ಆರಿಸುವುದಕ್ಕೇ ಹೊತ್ತು ಹಿಡಿಯುತ್ತದೆ, ಹುಳಿಯೂ ಏರುತ್ತದೆ. ಬರೀ ಹೈಬ್ರಿಡ್ ಹಾಕಿದರೆ ಕೆಲವು ಸಲ ಸಪ್ಪೆ ಅನಿಸುತ್ತದೆ.

ಹಣ್ಣು ಪೂರ್ತಿ ಕೆಂಪಾಗಿರಬೇಕು, ತೊಟ್ಟಿನ ಸುತ್ತ ಹಸಿರೋ ಹಳದಿಯೋ ಉಳಿದಿರಬಾರದು, ಒತ್ತಿದರೆ ಸ್ವಲ್ಪ ಬಗ್ಗಬೇಕು. ದೋರುಗಾಯಿಯ ಸಿಪ್ಪೆ ಎಷ್ಟು ಬಿಸಿ ನೀರಿಗೆ ಹಾಕಿದರೂ ಸಲೀಸಾಗಿ ಬರುವುದಿಲ್ಲ, ತಿರುಳು ಕಿತ್ತುಕೊಂಡೇ ಬರುತ್ತದೆ. ಅಂಥದ್ದು ಬಂದಿದ್ದರೆ ಎರಡು ಮೂರು ದಿನ ಫ್ರಿಜ್ಜಿನ ಹೊರಗೆ, ಬುಟ್ಟಿಯಲ್ಲಿ ಬಿಡಿ. ಫ್ರಿಜ್ಜಿನಲ್ಲಿಟ್ಟರೆ ಹಣ್ಣಾಗುವುದು ನಿಂತುಹೋಗುತ್ತದೆ, ರುಚಿಯೂ ಇಳಿಯುತ್ತದೆ.

ಸಿಪ್ಪೆ ಬಿಡಿಸುವುದು

ಟೊಮ್ಯಾಟೊ ಸಿಪ್ಪೆ ಬೇಯಿಸಿದರೆ ಕರಗುತ್ತದೆ ಅಂತ ಕಾಯಬೇಡಿ, ಅದು ಕರಗುವುದೇ ಇಲ್ಲ. ನೀರು ಒಳಗೆ ಹೊರಗೆ ಹೋಗದಂತೆ ಹಣ್ಣಿನ ಮೇಲಿರುವ ಮೇಣದಂಥ ಪದರ ಅದು. ಕುದಿಸಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಮಿಕ್ಸಿಗೆ ಹಾಕಿದರೆ ಚೂರಾಗುತ್ತದೆ, ಆದರೆ ಚೂರು ಚೂರಾಗಿಯೇ ಉಳಿಯುತ್ತದೆ. ಹಾಗಾಗಿ ಒಂದೋ ಮೊದಲೇ ತೆಗೆಯಬೇಕು, ಇಲ್ಲವೋ ಕೊನೆಗೆ ಸೋಸಬೇಕು.

ಅರ್ಧ ಕಿಲೋಗಿಂತ ಜಾಸ್ತಿ ಹಣ್ಣಿದ್ದರೆ ಕುದಿಯುವ ನೀರಿನ ದಾರಿಯೇ ಒಳ್ಳೆಯದು. ದೊಡ್ಡ ಪಾತ್ರೆಯಲ್ಲಿ ಹಣ್ಣು ಮುಳುಗುವಷ್ಟು ನೀರು ಇಟ್ಟು ಚೆನ್ನಾಗಿ ಕುದಿ ಬರಿಸಿ. ಪಕ್ಕದಲ್ಲಿ ಇನ್ನೊಂದು ಪಾತ್ರೆಯಲ್ಲಿ ತಣ್ಣೀರು ಇರಲಿ, ಐಸ್ ಇದ್ದರೆ ನಾಲ್ಕು ತುಂಡು ಹಾಕಿ, ಇಲ್ಲದಿದ್ದರೂ ನಡೆಯುತ್ತದೆ. ಹಣ್ಣು ತೊಳೆದು, ತೊಟ್ಟಿನ ಗಟ್ಟಿ ಭಾಗವನ್ನು ಚಾಕುವಿನ ತುದಿಯಿಂದ ತೆಗೆಯಿರಿ. ತೊಟ್ಟಿನ ಎದುರು ತುದಿಯಲ್ಲಿ, ಅಂದರೆ ಹಣ್ಣಿನ ತಳದಲ್ಲಿ, ಗುಣಾಕಾರದ ಗುರುತಿನ ಹಾಗೆ ಎರಡು ಗೀರು ಹಾಕಿ. ಗೀರು ಸಿಪ್ಪೆಯಷ್ಟೇ ಆಳ ಇರಲಿ. ಆಳವಾಗಿ ಕೊಯ್ದರೆ ಅಲ್ಲಿಂದ ರಸ ನೀರಿಗೆ ಹೋಗುತ್ತದೆ.

ನಾಲ್ಕೈದು ಹಣ್ಣು ಮಾತ್ರ ಒಂದು ಸಲಕ್ಕೆ ಹಾಕಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕುದಿ ನಿಂತುಹೋಗಿ, ನೀರು ಮತ್ತೆ ಕುದಿಯುವ ಹೊತ್ತಿಗೆ ಹಣ್ಣು ಅರ್ಧ ಬೆಂದಿರುತ್ತದೆ. ಈಗ ಗೀರು ಹಾಕಿದ ಜಾಗವನ್ನೇ ನೋಡುತ್ತಿರಿ. ಚೆನ್ನಾಗಿ ಹಣ್ಣಾದ ನಾಟಿಗೆ ಅರ್ಧ ನಿಮಿಷ ಸಾಕು, ಹೈಬ್ರಿಡ್‌ಗೆ ಒಂದು ನಿಮಿಷದವರೆಗೆ ಬೇಕಾಗಬಹುದು. ಗಡಿಯಾರಕ್ಕಿಂತ ಕಣ್ಣನ್ನು ನಂಬಿ: ಗೀರಿನ ನಾಲ್ಕು ಮೂಲೆಗಳು ಮೆಲ್ಲನೆ ಮೇಲೆದ್ದು ಹೊರಗೆ ಮಡಚಿಕೊಳ್ಳುತ್ತವೆ. ಆಗಲೇ ಜಾಲರಿ ಸೌಟಿನಿಂದ ಎತ್ತಿ ತಣ್ಣೀರಿಗೆ ಹಾಕಿ. ಸಿಪ್ಪೆಯ ಕೆಳಗಿನ ತೆಳು ಪದರ ಬಿಸಿಗೆ ಮೆತ್ತಗಾಗಿರುತ್ತದೆ, ತಣ್ಣೀರು ಬೇಯುವುದನ್ನು ಅಲ್ಲಿಗೇ ನಿಲ್ಲಿಸುತ್ತದೆ. ಒಂದು ನಿಮಿಷ ಬಿಟ್ಟು ಆ ಮೂಲೆಯನ್ನು ಹಿಡಿದು ಎಳೆದರೆ ಒಂದೊಂದು ಮೂಲೆಗೂ ಒಂದು ಪಟ್ಟಿ ಸಿಪ್ಪೆ ತೊಟ್ಟಿನವರೆಗೂ ಬಂದುಬಿಡುತ್ತದೆ. ಎಲ್ಲಾದರೂ ಅಂಟಿಕೊಂಡರೆ ಉಗುರಿನಿಂದ ಕೆರೆಯುತ್ತಾ ಕೂರಬೇಡಿ, ಇನ್ನೊಂದು ಹದಿನೈದು ಸೆಕೆಂಡ್ ಬಿಸಿ ನೀರಿಗೆ ಹಾಕಿ.

ಎರಡು ಮೂರು ಹಣ್ಣಿಗೆ ಇಷ್ಟೆಲ್ಲ ಬೇಡ. ಹಣ್ಣನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಕೊಯ್ದ ಮುಖವನ್ನು ತುರಿಯುವ ಮಣೆಯ ದೊಡ್ಡ ತೂತಿನ ಕಡೆ ಇಟ್ಟು, ಸಿಪ್ಪೆಯ ಮೇಲೆ ಅಂಗೈ ಚಪ್ಪಟೆಯಾಗಿ ಒತ್ತಿ ತುರಿಯಿರಿ. ತಿರುಳೆಲ್ಲ ಕೆಳಗೆ, ಸಿಪ್ಪೆ ಕೈಯಲ್ಲಿ. ಇದು ಹಸಿ ತಿರುಳು ಅನ್ನುವುದು ನೆನಪಿರಲಿ, ತುರಿದ ಕೂಡಲೇ ಬಾಣಲೆಗೆ ಹೋಗಬೇಕು, ಪಕ್ಕಕ್ಕಿಟ್ಟು ಬೇರೆ ಕೆಲಸಕ್ಕೆ ಹೋದರೆ ನೀರು ಬಿಡುತ್ತದೆ.

ಫ್ರೀಜರ್‌ನಲ್ಲಿ ಇಡಿಯಾಗಿ ಇಟ್ಟ ಹಣ್ಣಿದ್ದರೆ ಅದರಷ್ಟು ಸುಲಭ ಇನ್ನೊಂದಿಲ್ಲ. ನಲ್ಲಿ ನೀರಿನ ಕೆಳಗೆ ಹಿಡಿದು ಉಜ್ಜಿದರೆ ಸಿಪ್ಪೆ ಜಾರಿಕೊಳ್ಳುತ್ತದೆ. ಟೊಮ್ಯಾಟೊ ಅಗ್ಗವಾದಾಗ ಹೀಗೆ ಇಟ್ಟುಕೊಳ್ಳಬಹುದು, ಗ್ರೇವಿಗೆ ಚೆನ್ನಾಗಿ ನಡೆಯುತ್ತದೆ, ಸಲಾಡ್‌ಗೆ ಮಾತ್ರ ಆಗುವುದಿಲ್ಲ. ಒಲೆಯ ಉರಿಯಲ್ಲಿ ಸುಟ್ಟು ಸಿಪ್ಪೆ ತೆಗೆಯುವುದೂ ಇದೆ, ಅದರ ಹೊಗೆ ವಾಸನೆ ಚಟ್ನಿಗೆ ಚೆಂದ, ಗೋಡಂಬಿ ಹಾಕಿದ ನಯವಾದ ಗ್ರೇವಿಗೆ ಅಷ್ಟು ಹೊಂದುವುದಿಲ್ಲ.

ಗ್ರೇವಿ: ಒಂದು ಅಳತೆ ಹಿಡಿದು ಮಾಡೋಣ

ನಾಲ್ಕು ಜನಕ್ಕೆ ಎರಡು ಹೊತ್ತಿಗೆ ಆಗುವಷ್ಟು ಗ್ರೇವಿಗೆ ಮುಕ್ಕಾಲು ಕಿಲೋ ಟೊಮ್ಯಾಟೊ, ಎರಡು ದೊಡ್ಡ ಈರುಳ್ಳಿ, ಹನ್ನೆರಡು ಗೋಡಂಬಿ, ಐದು ಬ್ಯಾಡಗಿ ಮೆಣಸಿನಕಾಯಿ, ಒಂದಿಂಚು ಶುಂಠಿ, ಆರು ಎಸಳು ಬೆಳ್ಳುಳ್ಳಿ, ನಾಲ್ಕು ಚಮಚ ಎಣ್ಣೆ ಇಟ್ಟುಕೊಳ್ಳಿ. ಇಲ್ಲಿ ಚಮಚ ಅಂದರೆ ದೊಡ್ಡ ಚಮಚ. ಬ್ಯಾಡಗಿ ಹೇಳುವುದು ಬಣ್ಣಕ್ಕೆ, ಖಾರ ಅದರಲ್ಲಿ ಕಡಿಮೆ. ಬೀಜ ಉದುರಿಸಿ ಬಿಸಿ ನೀರಿನಲ್ಲಿ ನೆನೆಸಿಡಿ.

ಅಗಲವಾದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಈರುಳ್ಳಿಯನ್ನು ಒಂದು ಚಿಟಿಕೆ ಉಪ್ಪಿನ ಜೊತೆ ಮಧ್ಯಮ ಉರಿಯಲ್ಲಿ ಎಂಟು ಹತ್ತು ನಿಮಿಷ ಹುರಿಯಿರಿ. ಅಂಚು ಹೊಂಬಣ್ಣಕ್ಕೆ ತಿರುಗಿ, ಒತ್ತಿದರೆ ಸೌಟಿಗೆ ಮೆತ್ತಗೆ ತಾಗಬೇಕು. ಈ ಹಂತದಲ್ಲಿ ಅವಸರ ಮಾಡಬೇಡಿ. ಟೊಮ್ಯಾಟೊದ ಹುಳಿ ಸೇರಿದ ಮೇಲೆ ಈರುಳ್ಳಿ ಮೆತ್ತಗಾಗುವುದು ತುಂಬಾ ನಿಧಾನ, ಆಗ ಅರೆಬೆಂದ ಈರುಳ್ಳಿಯೇ ಗ್ರೇವಿಯಲ್ಲಿ ತರಿತರಿಯಾಗಿ ಉಳಿಯುತ್ತದೆ, ಹಸಿ ಈರುಳ್ಳಿ ರುಬ್ಬಿದಾಗ ಬರುವ ಒಗರು ಕಹಿಯೂ ಸೇರಿಕೊಳ್ಳುತ್ತದೆ. ಇದೇ ಕಾರಣಕ್ಕೆ ಕಡಲೆಕಾಳು, ರಾಜ್ಮಾ, ಆಲೂಗಡ್ಡೆಗಳನ್ನೂ ಮೊದಲು ಬೇರೆಯಾಗಿ ಪೂರ್ತಿ ಬೇಯಿಸಿಕೊಂಡೇ ಟೊಮ್ಯಾಟೊ ಗ್ರೇವಿಗೆ ಹಾಕಬೇಕು. ಹುಳಿಯಲ್ಲಿ ಕಾಳು ಬೇಯಲಿ ಅಂತ ಕಾದರೆ ಗ್ಯಾಸ್ ಖರ್ಚಾಗುತ್ತದೆ, ಕಾಳು ಗಟ್ಟಿಯಾಗಿಯೇ ಇರುತ್ತದೆ.

ಶುಂಠಿ ಬೆಳ್ಳುಳ್ಳಿ ಹಾಕಿ ಒಂದು ನಿಮಿಷ ಬಾಡಿಸಿ. ಆಮೇಲೆ ಸಿಪ್ಪೆ ತೆಗೆದ ಟೊಮ್ಯಾಟೊವನ್ನು ದಪ್ಪದಪ್ಪಗೆ ಹೆಚ್ಚಿ ಹಾಕಿ, ಮಣೆಯ ಮೇಲೆ ನಿಂತ ರಸವನ್ನೂ ಬಿಡಬೇಡಿ. ಗೋಡಂಬಿ, ನೆನೆಸಿದ ಮೆಣಸಿನಕಾಯಿ, ಅರ್ಧ ಟೀ ಚಮಚ ಉಪ್ಪು ಸೇರಿಸಿ ಮುಚ್ಚಿ. ನೀರು ಹಾಕಬೇಡಿ, ಉಪ್ಪಿಗೇ ಟೊಮ್ಯಾಟೊ ನೀರು ಬಿಡುತ್ತದೆ. ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ಬೇಯಲಿ. ಟೊಮ್ಯಾಟೊ ಸೌಟಿನ ಬೆನ್ನಿಗೆ ಸುಮ್ಮನೆ ಅಮುಕಿಕೊಳ್ಳಬೇಕು, ಗೋಡಂಬಿಯನ್ನು ಬೆರಳಲ್ಲಿ ಹಿಚುಕಿದರೆ ಮುರಿಯುವ ಬದಲು ಹಿಟ್ಟಾಗಬೇಕು. ಗೋಡಂಬಿ ಗಟ್ಟಿ ಇದ್ದರೆ ಎಂಥ ಮಿಕ್ಸಿಯಲ್ಲೂ ತರಿ ಉಳಿಯುತ್ತದೆ, ಇನ್ನೂ ಎರಡು ನಿಮಿಷ ಬಿಡಿ.

ಒಲೆ ಆರಿಸಿ, ಅಗಲವಾದ ತಟ್ಟೆಗೆ ಹರಡಿ ಆರಲು ಬಿಡಿ. ಬಿಸಿಬಿಸಿಯಾದ್ದನ್ನು ಮಿಕ್ಸಿ ಜಾರಿಗೆ ಹಾಕಿ ಮುಚ್ಚಳ ಮುಚ್ಚಿ ತಿರುಗಿಸಿದರೆ ಒಳಗಿನ ಹಬೆ ಮುಚ್ಚಳವನ್ನು ಎತ್ತಿ ಎಸೆಯುತ್ತದೆ, ಮುಖ ಕೈಗೆಲ್ಲ ಸಿಡಿದು ಸುಡುತ್ತದೆ. ಕೈಗೆ ಬೆಚ್ಚಗೆ ಅನಿಸುವಷ್ಟಾದ ಮೇಲೆ ಜಾರು ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬುವಷ್ಟು ಮಾತ್ರ ಹಾಕಿ, ಎರಡು ನಿಮಿಷ ನುಣ್ಣಗೆ ರುಬ್ಬಿ. ಮಧ್ಯೆ ಒಂದು ಸಲ ನಿಲ್ಲಿಸಿ ಗೋಡೆಗೆ ಅಂಟಿದ್ದನ್ನು ಕೆಳಗೆ ತಳ್ಳಿ. ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, ಮರಳಿನ ಹಾಗೆ ತಾಗಿದರೆ ಇನ್ನಷ್ಟು ರುಬ್ಬಬೇಕು.

ಈಗ ಸೋಸುವುದು. ಸಿಪ್ಪೆ ತೆಗೆದಾಗಿದೆಯಲ್ಲ, ಮತ್ತೆ ಯಾಕೆ ಅಂದರೆ ಬೀಜಕ್ಕೆ. ಬೀಜ ಮಿಕ್ಸಿಯಲ್ಲಿ ಅರ್ಧಂಬರ್ಧ ಒಡೆದು ತರಿಯಾಗಿ ಉಳಿದಿರುತ್ತದೆ. ರವೆ ಜರಡಿಯಷ್ಟು ಕಣ್ಣಿನ ಸ್ಟೀಲ್ ಜರಡಿಗೆ ಸುರಿದು ಸೌಟಿನ ಬೆನ್ನಿನಿಂದ ಒತ್ತಿ. ಟೀ ಸೋಸುವ ಜಾಲರಿಯಲ್ಲಿ ಮಾಡಲು ಹೋದರೆ ಸಂಜೆಯಾಗುತ್ತದೆ. ಜರಡಿಯ ಕೆಳಭಾಗಕ್ಕೆ ಅಂಟಿಕೊಂಡಿರುತ್ತದಲ್ಲ, ಆ ದಪ್ಪ ಭಾಗವೇ ಅತಿ ನುಣುಪಾದದ್ದು, ಅದನ್ನು ಚಮಚದಿಂದ ಕೆರೆದು ಸೇರಿಸಿ. ದಿನನಿತ್ಯದ ಅಡುಗೆಗೆ ಸಿಪ್ಪೆ ತೆಗೆದಿದ್ದರೆ ಸೋಸದಿದ್ದರೂ ನಡೆಯುತ್ತದೆ. ನೆಂಟರು ಬರುವ ದಿನ ಸೋಸಿ.

ಎಷ್ಟು ಹೊತ್ತು ಬೇಯಬೇಕು

ಬಾಣಲೆಯನ್ನು ಮತ್ತೆ ಒಲೆಗಿಟ್ಟು ಉಳಿದ ಎರಡು ಚಮಚ ಎಣ್ಣೆ, ಬೇಕಾದರೆ ಅದರಲ್ಲಿ ಅರ್ಧ ಬೆಣ್ಣೆ ಹಾಕಿ. ಜೀರಿಗೆ, ಒಂದು ಪಲಾವ್ ಎಲೆ ಹಾಕಿ, ಉರಿ ಸಣ್ಣ ಮಾಡಿ ಸೋಸಿದ ಗ್ರೇವಿ ಸುರಿಯಿರಿ. ಮೊದಲ ಕೆಲವು ನಿಮಿಷ ತುಂಬಾ ಸಿಡಿಯುತ್ತದೆ, ಮುಚ್ಚಳವನ್ನು ಓರೆಯಾಗಿ ಇಡಿ. ಪೂರ್ತಿ ಮುಚ್ಚಿದರೆ ಹಬೆ ಮತ್ತೆ ಒಳಗೇ ಬೀಳುತ್ತದೆ, ಗ್ರೇವಿ ಗಟ್ಟಿಯಾಗುವುದೇ ಇಲ್ಲ.

ಈ ಅಳತೆಗೆ ಅಗಲವಾದ ಬಾಣಲೆಯಲ್ಲಿ, ಸಣ್ಣಕ್ಕೂ ಮಧ್ಯಮಕ್ಕೂ ನಡುವಿನ ಉರಿಯಲ್ಲಿ, ಹತ್ತರಿಂದ ಹದಿನೈದು ನಿಮಿಷ ಬೇಕು. ಅದೇ ಗ್ರೇವಿಯನ್ನು ಕಿರಿದಾದ, ಆಳವಾದ ಪಾತ್ರೆಯಲ್ಲಿ ಇಟ್ಟರೆ ಇಪ್ಪತ್ತೈದು ನಿಮಿಷವೂ ಆಗಬಹುದು, ಏಕೆಂದರೆ ನೀರು ಆವಿಯಾಗುವುದು ಮೇಲ್ಮೈಯಿಂದ. ಹಾಗಾಗಿ ನಿಮಿಷವನ್ನು ಒಂದು ಅಂದಾಜಿಗೆ ಇಟ್ಟುಕೊಂಡು ಗುರುತುಗಳನ್ನು ನೋಡಿ. ಮೊದಲು ಬಣ್ಣ ತಿಳಿ ಕಿತ್ತಳೆ ಇರುತ್ತದೆ, ಗುಳ್ಳೆಗಳು ಸಣ್ಣವು, ಪಟಪಟ ಅಂತ ಬರುತ್ತವೆ, ಮೂಗಿಗೆ ಹಸಿ ವಾಸನೆ ಇನ್ನೂ ತಾಗುತ್ತದೆ. ನೀರು ಕಡಿಮೆಯಾದಂತೆ ಗುಳ್ಳೆಗಳು ದೊಡ್ಡದಾಗಿ, ನಿಧಾನಕ್ಕೆ ಎದ್ದು ಒಡೆಯುತ್ತವೆ. ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಸೌಟನ್ನು ಬಾಣಲೆಯ ತಳದ ಮೇಲೆ ಎಳೆದರೆ ದಾರಿ ಬಿದ್ದು ಎರಡು ಸೆಕೆಂಡ್ ಹಾಗೇ ಉಳಿಯುತ್ತದೆ. ಅಲ್ಲಿಗೆ ಆಯಿತು.

ಎಣ್ಣೆ ಬಿಡುವವರೆಗೆ ಬೇಯಿಸಿ ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಿದ ಟೊಮ್ಯಾಟೊ ಮಸಾಲೆಗೆ ಅದು ಸರಿಯಾದ ಗುರುತು: ನೀರು ಆರಿದ ಮೇಲೆ ಎಣ್ಣೆ ಬೇರೆಯಾಗಿ ಅಂಚಿಗೆ ಬರುತ್ತದೆ. ಆದರೆ ಗೋಡಂಬಿ ಹಾಕಿ ನುಣ್ಣಗೆ ರುಬ್ಬಿದ ಗ್ರೇವಿ ಎಣ್ಣೆಯನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಅಂಚಿನಲ್ಲಿ ಸ್ವಲ್ಪ ಹೊಳಪು, ಅಲ್ಲಲ್ಲಿ ಸಣ್ಣ ಎಣ್ಣೆ ಚುಕ್ಕೆ ಕಂಡರೆ ಅಷ್ಟೇ ಸಾಕು. ಎಣ್ಣೆ ಕೆರೆಯ ಹಾಗೆ ತುಂಬಲಿ ಅಂತ ಕಾದರೆ ಗೋಡಂಬಿ ತಳ ಹಿಡಿದು ಸೀಯುತ್ತದೆ, ಆ ಸೀದ ವಾಸನೆ ಏನು ಮಾಡಿದರೂ ಹೋಗುವುದಿಲ್ಲ. ತಳ ಹಿಡಿಯಿತು ಅನಿಸಿದ ತಕ್ಷಣ ಕೆರೆಯದೆ ಮೇಲಿನದ್ದನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಪಾತ್ರೆ ದಪ್ಪ ತಳದ ಸ್ಟೀಲ್ ಆದರೆ ಒಳ್ಳೆಯದು. ಕಬ್ಬಿಣದ ಬಾಣಲೆ, ಬರಿಯ ಅಲ್ಯೂಮಿನಿಯಂ ಎರಡೂ ಬೇಡ. ಟೊಮ್ಯಾಟೊದ ಹುಳಿ ಲೋಹವನ್ನು ಎಳೆದುಕೊಳ್ಳುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ, ಕಬ್ಬಿಣದಲ್ಲಾದರೆ ಬಣ್ಣವೂ ಕಪ್ಪಾಗುತ್ತದೆ.

ಹುಳಿಯ ಲೆಕ್ಕ

ಜಾಸ್ತಿ ಹೊತ್ತು ಬೇಯಿಸಿದರೆ ಹುಳಿ ಹೋಗುತ್ತದೆ ಅನ್ನುವ ನಂಬಿಕೆ ಇದೆ. ಹೋಗುವುದು ಹಸಿ ವಾಸನೆ, ಹುಳಿಯಲ್ಲ. ಟೊಮ್ಯಾಟೊದ ಹುಳಿ ಮುಖ್ಯವಾಗಿ ಸಿಟ್ರಿಕ್ ಆಮ್ಲದ್ದು, ಅದು ನೀರಿನ ಜೊತೆ ಹಬೆಯಾಗಿ ಹಾರಿಹೋಗುವುದಿಲ್ಲ. ನೀರು ಮಾತ್ರ ಹೋಗುತ್ತದೆ, ಹುಳಿ ಅಷ್ಟೇ ಉಳಿಯುತ್ತದೆ. ಮುಕ್ಕಾಲು ಕಿಲೋ ಹಣ್ಣಿನ ಹುಳಿಯೆಲ್ಲ ಎರಡೂವರೆ ಲೋಟ ಗ್ರೇವಿಯಲ್ಲಿ ಕೂತಿರುವಾಗ ಬಾಣಲೆಯಿಂದಲೇ ರುಚಿ ನೋಡಿದರೆ ಹುಳಿ ಅನಿಸಲೇಬೇಕು. ಆದ್ದರಿಂದ ಗಟ್ಟಿ ಗ್ರೇವಿಯ ರುಚಿ ನೋಡಿ ಗಾಬರಿಯಾಗಬೇಡಿ. ಎಷ್ಟು ತೆಳು ಬೇಕೋ ಅಷ್ಟು ಬಿಸಿ ನೀರು ಬೆರೆಸಿ, ಉಪ್ಪು ಖಾರ ಸರಿ ಮಾಡಿ, ಆಮೇಲೆ ನೋಡಿ.

ಆಗಲೂ ಹುಳಿ ಎದ್ದು ಕಂಡರೆ ಮೊದಲು ಉಪ್ಪು ಸರಿಯಿದೆಯಾ ನೋಡಿ, ಉಪ್ಪು ಕಡಿಮೆಯಿದ್ದಾಗ ಹುಳಿ ಜಾಸ್ತಿ ಚುಚ್ಚುತ್ತದೆ. ನಂತರ ಒಂದು ಚಮಚ ಬೆಣ್ಣೆಯೋ ಕೆನೆಯೋ, ಇಲ್ಲವೆ ನಾಲ್ಕೈದು ಗೋಡಂಬಿಯನ್ನು ನೆನೆಸಿ ರುಬ್ಬಿದ್ದೋ ಹಾಕಿ, ಜಿಡ್ಡು ಹುಳಿಯ ಮೊನೆಯನ್ನು ತಗ್ಗಿಸುತ್ತದೆ. ಮೂರನೆಯದು ಬೆಲ್ಲ ಅಥವಾ ಸಕ್ಕರೆ, ಕಾಲು ಟೀ ಚಮಚದಿಂದ ಶುರು ಮಾಡಿ. ಸಿಹಿ ಗೊತ್ತಾಗುವ ಮೊದಲೇ ನಿಲ್ಲಿಸಬೇಕು.

ಅಡುಗೆ ಸೋಡಾ ಕೊನೆಯ ದಾರಿ. ಇವೆಲ್ಲ ಹುಳಿಯನ್ನು ಮರೆಸುತ್ತವೆ, ಸೋಡಾ ಒಂದೇ ನಿಜವಾಗಿ ಕಡಿಮೆ ಮಾಡುತ್ತದೆ. ಈ ಅಳತೆಗೆ ಎರಡು ಬೆರಳಲ್ಲಿ ಹಿಡಿದ ಒಂದು ಸಣ್ಣ ಚಿಟಿಕೆ ಸಾಕು. ಹಾಕಿದ ಕೂಡಲೇ ನೊರೆ ಏಳುತ್ತದೆ, ಅದು ಇಳಿಯುವವರೆಗೆ ಕಲಕಿ, ಒಂದು ನಿಮಿಷ ಬಿಟ್ಟು ರುಚಿ ನೋಡಿ. ಸ್ವಲ್ಪ ಮೀರಿದರೂ ಸೋಪಿನ ರುಚಿ ಬರುತ್ತದೆ, ಗ್ರೇವಿ ಸತ್ತುಹೋದಂತೆ ಅನಿಸುತ್ತದೆ. ಸೋಡಾದಲ್ಲೂ ಸೋಡಿಯಂ ಇರುವುದರಿಂದ ಉಪ್ಪು ಹಾಕುವ ಕೈ ಸ್ವಲ್ಪ ಹಿಂದಿರಲಿ.

ಹುಳಿ ಕಡಿಮೆ ಮಾಡಲು ಬೀಜದ ಸುತ್ತಲಿನ ಲೋಳೆಯನ್ನೇ ತೆಗೆದು ಬಿಸಾಡುವವರಿದ್ದಾರೆ. ಹುಳಿ ಅಲ್ಲಿ ಜಾಸ್ತಿ ಇರುವುದು ನಿಜ. ಆದರೆ ಟೊಮ್ಯಾಟೊಗೆ ಟೊಮ್ಯಾಟೊ ರುಚಿ ಕೊಡುವುದರಲ್ಲಿ ದೊಡ್ಡ ಪಾಲು ಆ ಲೋಳೆಯದ್ದೇ, ತಿರುಳಿನದ್ದಲ್ಲ. ಬೀಜ ಹೋಗಲಿ, ಲೋಳೆ ಉಳಿಯಲಿ. ಸೋಸಿದಾಗ ಆಗುವುದು ಅದೇ. ಹುಳಿ ಕಡಿಮೆ ಬೇಕಿದ್ದರೆ ಮುಂದಿನ ಸಲ ನಾಟಿ ಬಿಟ್ಟು ಬರೀ ಹೈಬ್ರಿಡ್ ಹಾಕಿ, ಇನ್ನೊಂದು ಈರುಳ್ಳಿ ಸೇರಿಸಿ.

ಗ್ರೇವಿ ಸಪ್ಪೆಯಾದರೆ ಹುಣಸೆಹಣ್ಣಿಗೆ ಕೈ ಹಾಕಬೇಡಿ, ಅದು ಸಾರಿನ ವಾಸನೆ ತರುತ್ತದೆ. ಒಲೆ ಆರಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಸಾಕು.

ಹಾಲು ಹಾಕುವ ಅಭ್ಯಾಸ ಇದ್ದರೆ ಎಚ್ಚರ. ಕುದಿಯುವ ಹುಳಿ ಗ್ರೇವಿಗೆ ಹಾಲು ಸುರಿದರೆ ಒಡೆದು ಕಾಳುಕಾಳಾಗುತ್ತದೆ, ಅಷ್ಟು ನುಣ್ಣಗೆ ರುಬ್ಬಿ ಸೋಸಿದ್ದೆಲ್ಲ ಹೋಯಿತು. ಕೆನೆಯಲ್ಲಿ ಜಿಡ್ಡು ಜಾಸ್ತಿ ಇರುವುದರಿಂದ ಅದು ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಆದರೂ ಉರಿ ಪೂರ್ತಿ ಸಣ್ಣ ಮಾಡಿ, ಕೆನೆಗೆ ಎರಡು ಚಮಚ ಬಿಸಿ ಗ್ರೇವಿ ಬೆರೆಸಿಕೊಂಡು ಆಮೇಲೆ ಬಾಣಲೆಗೆ ಹಾಕಿ.

ಬಳಸುವುದು, ಎತ್ತಿಡುವುದು

ಈ ಅಳತೆಯಲ್ಲಿ ಅರ್ಧ ಗ್ರೇವಿ 200 ಗ್ರಾಂ ಪನ್ನೀರಿಗೆ ಸರಿಹೋಗುತ್ತದೆ. ಅರ್ಧ ಲೋಟ ಬಿಸಿ ನೀರು, ಧನಿಯಾ ಪುಡಿ, ಗರಂ ಮಸಾಲೆ ಹಾಕಿ ಮೂರು ನಿಮಿಷ ಕುದಿಸಿ, ಪನ್ನೀರ್ ಹಾಕಿ, ಕೊನೆಗೆ ಕಸೂರಿ ಮೇಥಿಯನ್ನು ಅಂಗೈಯಲ್ಲಿ ಉಜ್ಜಿ ಉದುರಿಸಿ.

ಉಳಿದರ್ಧಕ್ಕೆ ಕೆನೆ, ಹಾಲು ಏನೂ ಸೇರಿಸದೆ ಪೂರ್ತಿ ಆರಿಸಿ ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿಡಿ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಐಸ್ ಟ್ರೇಗೆ ಹಾಕಿ ಗಟ್ಟಿಯಾದ ಮೇಲೆ ತುಂಡುಗಳನ್ನು ಬಿಡಿಸಿ ಚೀಲಕ್ಕೆ ತುಂಬಿ ಫ್ರೀಜರ್‌ನಲ್ಲಿಡಿ, ಎರಡು ತಿಂಗಳು ಚೆನ್ನಾಗಿರುತ್ತದೆ. ತೆಗೆದಾಗ ಕರಗಲು ಕಾಯಬೇಕಾಗಿಲ್ಲ. ಬಾಣಲೆಗೆ ಎರಡು ಚಮಚ ನೀರು ಹಾಕಿ, ಮೇಲೆ ತುಂಡುಗಳನ್ನಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬಿಡಿ. ಕರಗಿದಾಗ ಸ್ವಲ್ಪ ಒಡೆದಂತೆ ಕಾಣಬಹುದು, ಒಂದು ಕುದಿ ಬರುವವರೆಗೆ ಸೌಟಿನಿಂದ ಚೆನ್ನಾಗಿ ಕಲಕಿದರೆ ಮತ್ತೆ ಕೂಡಿಕೊಳ್ಳುತ್ತದೆ.